ಅಪಾರ್ಟ್‌ಮೆಂಟ್ ಮಹಾಸಭೆಯ ಅಜೆಂಡಾ ಮತ್ತು ಮಿನಿಟ್ಸ್: ತೀರ್ಮಾನ ಎರಡು ವರ್ಷದ ನಂತರವೂ ಸ್ಪಷ್ಟವಾಗಿ ಉಳಿಯಬೇಕಾದರೆ

ಅಪಾರ್ಟ್‌ಮೆಂಟ್ ಸಂಘದ ಮಿನಿಟ್ಸ್ ಪುಸ್ತಕ ತೆರೆದರೆ ಈ ಥರದ ಸಾಲು ಸಿಗುವುದು ಸಾಮಾನ್ಯ: "ಕಟ್ಟಡಕ್ಕೆ ಬಣ್ಣ ಹೊಡೆಸುವ ಬಗ್ಗೆ ಸುದೀರ್ಘವಾಗಿ ಚರ್ಚಿಸಲಾಯಿತು. ಸದಸ್ಯರು ಒಪ್ಪಿಗೆ ಸೂಚಿಸಿದರು. ಮುಂದಿನ ಕ್ರಮ ಕೈಗೊಳ್ಳಲು ಸಮಿತಿಗೆ ತಿಳಿಸಲಾಯಿತು."

ಸಭೆಯಲ್ಲಿ ಕೂತಿದ್ದವರಿಗೆ ಆವತ್ತು ಇದು ಅರ್ಥವಾಗಿರುತ್ತದೆ. ಆರು ತಿಂಗಳಾದ ಮೇಲೆ ಯಾರಿಗೂ ಆಗುವುದಿಲ್ಲ. ಒಪ್ಪಿದ್ದು ಎಷ್ಟು ಹಣಕ್ಕೆ? ಯಾವ ಕೊಟೇಶನ್‌ಗೆ? ಫ್ಲಾಟಿಗೆ ಇಷ್ಟು ಅಂತಲೋ, ಚದರಡಿಗೆ ಇಷ್ಟು ಅಂತಲೋ? ಬಾಲ್ಕನಿ ಒಳಗೋಡೆ ಸೇರಿದೆಯಾ? ಕೊಡದವರಿಗೆ ಏನು? ಇಷ್ಟಕ್ಕೂ ಉತ್ತರ ಹೇಳಬೇಕಾದ ಕಾಗದ ಅದೇ. ಅದರಲ್ಲಿ ಉತ್ತರ ಇಲ್ಲದಿದ್ದರೆ ಜಗಳ ಮತ್ತೆ ಮೊದಲಿನಿಂದ ಶುರು.

ಇದಕ್ಕೆ ಮಿನಿಟ್ಸ್ ಬರೆದವರನ್ನು ದೂರುವುದು ವಾಡಿಕೆ. ಆದರೆ ತಪ್ಪು ನಡೆದಿರುವುದು ಸಾಮಾನ್ಯವಾಗಿ ಅದಕ್ಕೂ ಮೂರು ವಾರ ಮೊದಲು, ಅಜೆಂಡಾದಲ್ಲಿ. "ಪೇಂಟಿಂಗ್ ಬಗ್ಗೆ ಚರ್ಚೆ" ಅಂತ ಅಜೆಂಡಾ ಹೋದರೆ ಸಭೆಯಲ್ಲಿ ಚರ್ಚೆಯೇ ನಡೆಯುತ್ತದೆ, ತೀರ್ಮಾನ ಆಗುವುದಿಲ್ಲ. ಆಗದ ತೀರ್ಮಾನವನ್ನು ಎಷ್ಟೇ ಜಾಣರಾದರೂ ಮಿನಿಟ್ಸ್‌ನಲ್ಲಿ ಬರೆಯಲಾರರು. ಹಾಗಾಗಿ ಇಲ್ಲಿ ನಾನು ಒಂದೇ ವಿಷಯವನ್ನು ಹಿಡಿದು, ಅದು ಅಜೆಂಡಾದಿಂದ ಮಿನಿಟ್ಸ್‌ವರೆಗೆ ಹೇಗೆ ಸಾಗಬೇಕು ಅಂತ ತೋರಿಸುತ್ತೇನೆ.

ಉದಾಹರಣೆಗೆ ಒಂದು ಕಾಲ್ಪನಿಕ ಕಟ್ಟಡ ಇಟ್ಟುಕೊಳ್ಳೋಣ. ಬೆಂಗಳೂರಿನಲ್ಲಿದೆ, 48 ಫ್ಲಾಟ್. 26 ಫ್ಲಾಟ್ 1,200 ಚದರಡಿಯವು, 22 ಫ್ಲಾಟ್ 1,400 ಚದರಡಿಯವು. ಒಟ್ಟು 62,000 ಚದರಡಿ. ಹೊರಗೋಡೆಗೆ ಬಣ್ಣ ಹೊಡೆಸಬೇಕು, ಬಿರುಕು ಮುಚ್ಚಿಸಬೇಕು. ಮಹಾಸಭೆ 2025ರ ಜುಲೈ 20, ಭಾನುವಾರ.

ಮೊದಲು ಬೈಲಾ ತೆಗೆದು ಓದಿ

ಕರ್ನಾಟಕದಲ್ಲಿ ಅಪಾರ್ಟ್‌ಮೆಂಟ್ ಸಂಘಗಳು ಒಂದೇ ಕಾನೂನಿನ ಕೆಳಗೆ ಇಲ್ಲ. ಕೆಲವು 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ ಕೆಳಗಿವೆ. ಕೆಲವು 1960ರ ಸಂಘಗಳ ನೋಂದಣಿ ಕಾಯ್ದೆಯಲ್ಲಿ ನೋಂದಣಿಯಾಗಿವೆ. ಇನ್ನು ಕೆಲವು 1959ರ ಸಹಕಾರ ಸಂಘಗಳ ಕಾಯ್ದೆಯಲ್ಲಿವೆ. ನಿಮ್ಮದು ಯಾವುದು ಅನ್ನುವುದು ನೋಂದಣಿ ಪತ್ರದಲ್ಲೇ ಇರುತ್ತದೆ. ಇದು ಗೊತ್ತಿಲ್ಲದೆ ಪಕ್ಕದ ಕಟ್ಟಡದ ಅಜೆಂಡಾ ನಕಲು ಮಾಡಬೇಡಿ. ಅವರ ನಿಯಮ ನಿಮಗೆ ಹೊಂದದಿರಬಹುದು.

ಬೈಲಾದಲ್ಲಿ ಹುಡುಕಬೇಕಾದದ್ದು ನಾಲ್ಕೇ ಸಂಗತಿ. ನೋಟಿಸ್ ಎಷ್ಟು ದಿನ ಮೊದಲು ಹೋಗಬೇಕು. ಕೋರಂ ಎಷ್ಟು, ಕೋರಂ ಆಗದಿದ್ದರೆ ಏನು ಮಾಡಬೇಕು. ಮತ ಯಾರಿಗಿದೆ, ಪ್ರಾಕ್ಸಿ ನಡೆಯುತ್ತದಾ, ಮೈಂಟೆನೆನ್ಸ್ ಬಾಕಿ ಇಟ್ಟವರು ಮತ ಹಾಕಬಹುದಾ. ನಾಲ್ಕನೆಯದು, ಖರ್ಚು ಹಂಚುವ ಲೆಕ್ಕ.

ಈ ಕೊನೆಯದನ್ನು ಜಾಸ್ತಿ ಜನ ನೋಡುವುದೇ ಇಲ್ಲ. 1972ರ ಕಾಯ್ದೆಯಲ್ಲಿ ಕಟ್ಟಡವನ್ನು ಆ ಕಾಯ್ದೆಗೆ ಒಳಪಡಿಸುವ ಪತ್ರಕ್ಕೆ ಡಿಕ್ಲರೇಶನ್ ಅನ್ನುತ್ತಾರೆ. ಸಾಮಾನ್ಯ ಖರ್ಚನ್ನು ಪ್ರತಿ ಫ್ಲಾಟಿಗೆ ಅದರಲ್ಲಿ ಹೇಳಿರುವ ಅವಿಭಜಿತ ಪಾಲಿನ, ಅಂದರೆ ಎಲ್ಲರಿಗೂ ಸೇರಿದ ಜಾಗದಲ್ಲಿ ಆ ಫ್ಲಾಟಿಗಿರುವ ಪಾಲಿನ ಪ್ರಕಾರ ಹಂಚಬೇಕು. ಬಹುಮತದ ಲೆಕ್ಕವೂ ಡಿಕ್ಲರೇಶನ್ ಕೊಟ್ಟಿರುವ ಮತದ ಶೇಕಡಾವಾರಿನಿಂದಲೇ ಬರುತ್ತದೆ. ಹಾಗಿರುವಾಗ "ಎಲ್ಲರೂ ಸಮ ಹಾಕೋಣ" ಅಂತ ಸಭೆಯಲ್ಲಿ ಕೈ ಎತ್ತಿಸಿದರೆ ಆ ತೀರ್ಮಾನ ನಿಲ್ಲುವುದಿಲ್ಲ. ಅಜೆಂಡಾ ಬರೆಯುವ ಮೊದಲೇ ಡಿಕ್ಲರೇಶನ್ ಪುಟ ತೆಗೆದು ನೋಡಿದರೆ ಈ ಮುಜುಗರ ತಪ್ಪುತ್ತದೆ. ನಮ್ಮ ಉದಾಹರಣೆಯ ಕಟ್ಟಡದಲ್ಲಿ ಅವಿಭಜಿತ ಪಾಲು ಚದರಡಿಗೆ ತಕ್ಕಂತೆ ಇದೆ, ಮತ ಮಾತ್ರ ಫ್ಲಾಟಿಗೊಂದು, ಕೋರಂ ಮೂರನೇ ಒಂದು ಭಾಗ, ಅಂದರೆ 16 ಫ್ಲಾಟ್ ಅಂದುಕೊಳ್ಳಿ.

ಸಹಕಾರ ಸಂಘವಾದರೆ ದಿನಾಂಕದ ಒತ್ತಡವೂ ಇದೆ. ವಾರ್ಷಿಕ ಮಹಾಸಭೆಯನ್ನು ಸೆಪ್ಟೆಂಬರ್ 25ರೊಳಗೆ ಮುಗಿಸಬೇಕು. ಆಡಿಟ್ ವರದಿ ಬರುವುದು, ನೋಟಿಸ್ ಅವಧಿ ಎಲ್ಲ ಸೇರಿಸಿ ಹಿಂದಿನಿಂದ ಎಣಿಸಿಕೊಂಡು ಬಂದರೆ ಜುಲೈನಲ್ಲೇ ಕೆಲಸ ಶುರು ಮಾಡಬೇಕಾಗುತ್ತದೆ.

ವಿಷಯ ಸಂಗ್ರಹ: ತಿಳಿಸುವುದು ಬೇರೆ, ತೀರ್ಮಾನಿಸುವುದು ಬೇರೆ

ನೋಟಿಸ್ ಹೊರಡುವ ದಿನಕ್ಕಿಂತ ಎರಡು ವಾರ ಮೊದಲು ಸದಸ್ಯರಿಂದ ವಿಷಯ ಕೇಳಿ. ಬರಹದಲ್ಲೇ ಕೊಡಲಿ, ಕೊನೆಯ ದಿನಾಂಕ ಹೇಳಿ. "ನಾಯಿ ಸಮಸ್ಯೆ", "ಪಾರ್ಕಿಂಗ್" ಅಂತ ಒಂದೊಂದು ಪದ ಬಂದರೆ ವಾಪಸ್ ಫೋನ್ ಮಾಡಿ ಕೇಳಿ: "ಸರ್, ಸಭೆ ಏನು ತೀರ್ಮಾನ ಮಾಡಬೇಕು ಅಂತ ನೀವು ಬಯಸ್ತೀರಿ?" ಈ ಪ್ರಶ್ನೆಗೆ ಉತ್ತರ ಬಂದರೆ ಅದು ಮಹಾಸಭೆಯ ವಿಷಯ. ಉತ್ತರ ಬರದಿದ್ದರೆ ಅದು ಸಮಿತಿಯ ಮುಂದೆ ಹೋಗಬೇಕಾದ ದೂರು. ಸೆಕ್ಯುರಿಟಿಯವರು ರಾತ್ರಿ ಗೇಟ್ ಹತ್ತಿರ ಇರುವುದಿಲ್ಲ ಅನ್ನುವುದಕ್ಕೆ 48 ಮನೆಯವರು ಮತ ಹಾಕಬೇಕಿಲ್ಲ, ಸೆಕ್ರೆಟರಿ ಏಜೆನ್ಸಿಗೆ ಒಂದು ಫೋನ್ ಮಾಡಿದರೆ ಸಾಕು.

ಬಂದ ಪಟ್ಟಿಯನ್ನು ಎರಡು ಭಾಗ ಮಾಡಿ. ಸುಮ್ನೆ ತಿಳಿಸಬೇಕಾದವು ಒಂದು ಕಡೆ, ಮತ ಬೇಕಾದವು ಇನ್ನೊಂದು ಕಡೆ. ಅಜೆಂಡಾದಲ್ಲೂ ಪ್ರತಿ ವಿಷಯದ ಮುಂದೆ "ಮಾಹಿತಿಗೆ" ಅಥವಾ "ತೀರ್ಮಾನಕ್ಕೆ" ಅಂತ ಬರೆಯಿರಿ. ತೀರ್ಮಾನದ ವಿಷಯಗಳು ನಾಲ್ಕೈದಕ್ಕಿಂತ ಜಾಸ್ತಿ ಇದ್ದರೆ ಒಂದೇ ಬೆಳಗ್ಗೆ ಮುಗಿಯುವುದಿಲ್ಲ. ಉಳಿದಿದ್ದಕ್ಕೆ ವಿಶೇಷ ಸಭೆ ಕರೆಯುವುದೇ ಒಳ್ಳೆಯದು.

ಅಜೆಂಡಾದಲ್ಲೇ ಕರಡು ಗೊತ್ತುವಳಿ ಬರೆಯಿರಿ

ಈ ಹಂತಕ್ಕೆ ಒಂದು ಸಂಜೆ ಪೂರ್ತಿ ಕೊಟ್ಟರೂ ನಷ್ಟವಿಲ್ಲ. ವಿಷಯದ ಹೆಸರು ಬರೆದು ಬಿಡುವ ಬದಲು, ಸಭೆ ಒಪ್ಪಿದರೆ ಮಿನಿಟ್ಸ್‌ನಲ್ಲಿ ಏನು ಬರೆಯುತ್ತೀರೋ ಆ ವಾಕ್ಯವನ್ನೇ ಈಗ ಬರೆಯಿರಿ. ಅದೇ ಕರಡು ಗೊತ್ತುವಳಿ. ಕೆಲವು ಕಡೆ ಇದನ್ನು ಠರಾವು ಅಂತಲೂ ಹೇಳುತ್ತಾರೆ.

ಕಟ್ಟಡದ ಪೇಂಟಿಂಗ್‌ಗೆ ಸಮಿತಿ ಮೂರು ಕೊಟೇಶನ್ ತರಿಸಿದೆ. ಅದರಲ್ಲಿ ಆರಿಸಿದ್ದು 18,40,000 ರೂಪಾಯಿಯದು. ಇಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ: ಜಿಎಸ್‌ಟಿ ಸೇರಿದೆಯಾ? ಸೇರಿಲ್ಲದಿದ್ದರೆ ಶೇಕಡಾ 18ರಂತೆ ಇನ್ನೂ 3,31,200 ರೂಪಾಯಿ ಬೀಳುತ್ತದೆ, ಸರಾಸರಿ ಫ್ಲಾಟಿಗೆ 6,900. ಕೊಟೇಶನ್‌ನಲ್ಲಿ ಸಣ್ಣ ಅಕ್ಷರದಲ್ಲಿ "ತೆರಿಗೆ ಹೆಚ್ಚುವರಿ" ಅಂತ ಇದ್ದು, ಅದನ್ನು ಅಜೆಂಡಾದಲ್ಲಿ ಬಿಟ್ಟರೆ ಸಭೆ ಒಪ್ಪಿದ ಮೊತ್ತಕ್ಕೂ ಬಿಲ್ಲಿಗೂ ತಾಳೆಯಾಗುವುದಿಲ್ಲ. ನಮ್ಮ ಉದಾಹರಣೆಯಲ್ಲಿ ತೆರಿಗೆ ಸೇರಿದೆ.

ಇದರಲ್ಲಿ 6,00,000 ರೂಪಾಯಿಯನ್ನು ಕಾರ್ಪಸ್ ಫಂಡ್‌ನಿಂದ ತೆಗೆಯುವುದು ಸಮಿತಿಯ ಸಲಹೆ. ಉಳಿದ 12,40,000 ರೂಪಾಯಿಯನ್ನು 62,000 ಚದರಡಿಗೆ ಹಂಚಿದರೆ ಚದರಡಿಗೆ 20 ರೂಪಾಯಿ. ಸಣ್ಣ ಫ್ಲಾಟಿಗೆ 24,000, ದೊಡ್ಡದಕ್ಕೆ 28,000. ಈಗ ಕರಡು ಹೀಗೆ ಬರುತ್ತದೆ:

> ವಿಷಯ 5 (ತೀರ್ಮಾನಕ್ಕೆ): ಹೊರಗೋಡೆ ದುರಸ್ತಿ ಮತ್ತು ಪೇಂಟಿಂಗ್
>
> ಕರಡು ಗೊತ್ತುವಳಿ: "ಅನುಬಂಧ 3ರಲ್ಲಿರುವ ಎರಡನೇ ಕೊಟೇಶನ್ ಪ್ರಕಾರ ಎರಡೂ ಬ್ಲಾಕ್‌ಗಳ ಹೊರಗೋಡೆಯ ಬಿರುಕು ಮುಚ್ಚಿಸಿ, ಒಂದು ಕೋಟ್ ಪ್ರೈಮರ್ ಮತ್ತು ಎರಡು ಕೋಟ್ ಎಕ್ಸ್‌ಟೀರಿಯರ್ ಎಮಲ್ಷನ್ ಹೊಡೆಸುವುದು. ಬಾಲ್ಕನಿಯ ಒಳಗೋಡೆ ಮತ್ತು ಕಿಟಕಿ ಗ್ರಿಲ್ ಇದರಲ್ಲಿ ಸೇರಿಲ್ಲ. ಒಟ್ಟು ವೆಚ್ಚ ಜಿಎಸ್‌ಟಿ ಸೇರಿ ರೂ. 18,40,000. ಇದರಲ್ಲಿ ರೂ. 6,00,000 ಕಾರ್ಪಸ್ ಫಂಡ್‌ನಿಂದ. ಉಳಿದ ರೂ. 12,40,000ನ್ನು ಚದರಡಿಗೆ ರೂ. 20ರಂತೆ ಫ್ಲಾಟ್ ಮಾಲೀಕರಿಂದ 2025ರ ಆಗಸ್ಟ್ 31ರೊಳಗೆ ಸಂಗ್ರಹಿಸುವುದು. ಕೆಲಸ 2025ರ ಡಿಸೆಂಬರ್ 1ಕ್ಕೆ ಶುರುವಾಗಿ 2026ರ ಮಾರ್ಚ್ 15ರೊಳಗೆ ಮುಗಿಯಬೇಕು. ವೆಚ್ಚ ಶೇಕಡಾ 5ರವರೆಗೆ, ಅಂದರೆ ರೂ. 92,000ದವರೆಗೆ ಹೆಚ್ಚಾದರೆ ಸಮಿತಿ ಅದನ್ನು ಕಾರ್ಪಸ್ ಫಂಡ್‌ನಿಂದ ಭರಿಸಬಹುದು. ಅದಕ್ಕಿಂತ ಹೆಚ್ಚಾದರೆ ಮತ್ತೆ ಮಹಾಸಭೆಯ ಒಪ್ಪಿಗೆ ಪಡೆಯಬೇಕು. ಜವಾಬ್ದಾರಿ: ಸೆಕ್ರೆಟರಿ (ಕಾಂಟ್ರಾಕ್ಟ್), ಟ್ರೆಷರರ್ (ವಸೂಲಿ)."

ಉದ್ದ ಆಯಿತು ಅನ್ನಿಸಬಹುದು. ಆದರೆ ಇದರಲ್ಲಿ ಯಾವ ವಾಕ್ಯ ತೆಗೆದರೂ ಆ ಜಾಗದಲ್ಲೇ ನಾಳೆ ತಕರಾರು ಹುಟ್ಟುತ್ತದೆ. ಬಾಲ್ಕನಿಯ ವಾಕ್ಯ ನೋಡಿ. ಬಣ್ಣ ಹೊಡೆಯುವವರು ಜೂಲಾದಲ್ಲಿ ಇಳಿದು ಬಂದಾಗ ಮನೆಯವರು ಕೇಳುವ ಮೊದಲ ಪ್ರಶ್ನೆಯೇ "ನಮ್ಮ ಬಾಲ್ಕನಿ ಒಳಗಡೆ ಯಾವಾಗ?" ಅನ್ನುವುದು. ಏನು ಸೇರಿದೆ ಅನ್ನುವಷ್ಟೇ ಮುಖ್ಯ ಏನು ಸೇರಿಲ್ಲ ಅನ್ನುವುದು.

ಡಿಸೆಂಬರ್ ಯಾಕೆ ಅಂತಲೂ ಹೇಳಬೇಕು. ಬೆಂಗಳೂರಿನಲ್ಲಿ ಹಿಂಗಾರು ಮಳೆ ನವೆಂಬರ್‌ವರೆಗೂ ಬರುತ್ತದೆ. ಒದ್ದೆ ಗೋಡೆಗೆ ಬಣ್ಣ ಹೊಡೆದರೆ ಉಬ್ಬಿ ಏಳುತ್ತದೆ. ಈ ಕಾರಣವನ್ನು ಗೊತ್ತುವಳಿಯಲ್ಲಿ ಬರೆಯಬೇಕಿಲ್ಲ. ಅಜೆಂಡಾದ ಜೊತೆ ಹೋಗುವ ಒಂದು ಪುಟದ ಟಿಪ್ಪಣಿಯಲ್ಲಿ ಬರೆಯಿರಿ. ಮೂರು ಕೊಟೇಶನ್‌ಗಳ ಹೋಲಿಕೆ, ಕಾರ್ಪಸ್ ಫಂಡ್‌ನಲ್ಲಿ ಈಗ ಎಷ್ಟಿದೆ, ತೆಗೆದ ಮೇಲೆ ಎಷ್ಟು ಉಳಿಯುತ್ತದೆ, ಎರಡನೇ ಕೊಟೇಶನ್ ಯಾಕೆ ಆರಿಸಿದಿರಿ, ಇಷ್ಟು ಆ ಪುಟದಲ್ಲಿ ಇರಲಿ. ಇದನ್ನು ಓದಿ ಬಂದವರ ಪ್ರಶ್ನೆಗಳು ಸಭೆಯಲ್ಲಿ ಅರ್ಧಕ್ಕೆ ಇಳಿಯುತ್ತವೆ.

ಕ್ರಮ, ಸಮಯ, ಮತ್ತು "ಇತರೆ ವಿಷಯಗಳು"

ವಾರ್ಷಿಕ ಸಭೆಯಲ್ಲಿ ಹಿಂದಿನ ಮಿನಿಟ್ಸ್ ದೃಢೀಕರಣ, ಹಿಂದಿನ ತೀರ್ಮಾನಗಳು ಎಲ್ಲಿಗೆ ಬಂದವು ಅನ್ನುವ ವರದಿ, ಲೆಕ್ಕಪತ್ರ, ಆಡಿಟರ್ ನೇಮಕ, ಬಜೆಟ್, ಚುನಾವಣೆ ಇದ್ದರೆ ಅದು, ಹೀಗೆ ಒಂದು ಮಾಮೂಲಿ ಕ್ರಮ ಇರುತ್ತದೆ. ಅದನ್ನು ಇಟ್ಟುಕೊಳ್ಳಿ. ಆದರೆ ಹಣದ ದೊಡ್ಡ ತೀರ್ಮಾನವನ್ನು ಕೊನೆಗೆ ತಳ್ಳಬೇಡಿ. ಹತ್ತೂವರೆಗೆ ಶುರುವಾದ ಸಭೆಯಲ್ಲಿ ಒಂದು ಗಂಟೆಯ ಹೊತ್ತಿಗೆ ಊಟಕ್ಕೆ ಅಂತ ಕುರ್ಚಿ ಖಾಲಿಯಾಗುತ್ತಾ ಬರುತ್ತವೆ. 31 ಫ್ಲಾಟ್ ಇದ್ದ ಸಭೆಯಲ್ಲಿ ಉಳಿದ 14 ಫ್ಲಾಟಿನವರು ಪೇಂಟಿಂಗ್ ಪಾಸು ಮಾಡಿದರೆ, ಕೋರಂ ಇರಲಿಲ್ಲ ಅಂತ ಯಾರಾದರೂ ತಕರಾರು ಎತ್ತಬಹುದು. ಹಾಜರಿ ಪುಸ್ತಕದಲ್ಲಿ 31 ಸಹಿ ಇದೆ ಅಂದರೂ ಪೂರ್ತಿ ರಕ್ಷಣೆ ಸಿಗುವುದಿಲ್ಲ, ಏಕೆಂದರೆ ಬಿದ್ದ ಮತಗಳ ಮೊತ್ತವೇ 14 ಇರುತ್ತದೆ. ದೊಡ್ಡ ವಿಷಯ ಹನ್ನೊಂದೂವರೆಯೊಳಗೆ ಮತಕ್ಕೆ ಬರಬೇಕು.

"ಅಧ್ಯಕ್ಷರ ಅನುಮತಿ ಮೇರೆಗೆ ಇತರೆ ವಿಷಯಗಳು" ಅನ್ನುವ ಕೊನೆಯ ಸಾಲು ಬಹಳ ತೊಂದರೆ ಕೊಡುತ್ತದೆ. ಆ ಸಾಲಿನ ಕೆಳಗೆ ಯಾರೋ ಎದ್ದು "ಹಾಗಿದ್ರೆ ಮೈಂಟೆನೆನ್ಸ್ 500 ಜಾಸ್ತಿ ಮಾಡಿಬಿಡೋಣ" ಅನ್ನುತ್ತಾರೆ, ಎಲ್ಲರೂ ತಲೆ ಆಡಿಸುತ್ತಾರೆ. ಸಭೆಗೆ ಬಾರದ 17 ಮನೆಯವರಿಗೆ ಇಂಥದ್ದೊಂದು ಬರಲಿದೆ ಅಂತ ನೋಟಿಸ್‌ನಲ್ಲಿ ತಿಳಿದೇ ಇರಲಿಲ್ಲ. ಗೊತ್ತಿದ್ದರೆ ಬರುತ್ತಿದ್ದರು. ಆದ್ದರಿಂದ ಆ ಸಾಲಿನ ಪಕ್ಕದಲ್ಲೇ ಬರೆದುಬಿಡಿ: "ಮಾಹಿತಿ ಮತ್ತು ಸಲಹೆಗೆ ಮಾತ್ರ. ಹಣ, ಬೈಲಾ ಅಥವಾ ಸದಸ್ಯರ ಹಕ್ಕಿಗೆ ಸಂಬಂಧಿಸಿದ ತೀರ್ಮಾನ ಇದರ ಕೆಳಗೆ ಆಗುವುದಿಲ್ಲ."

ನೋಟಿಸ್ ಅನ್ನು ಮಾಲೀಕರಿಗೆ ಕಳಿಸಬೇಕು, ಬಾಡಿಗೆದಾರರ ಕೈಗೆ ಕೊಟ್ಟರೆ ಮಾಲೀಕರಿಗೆ ತಲುಪಿದಂತೆ ಆಗುವುದಿಲ್ಲ. ಬೇರೆ ಊರಲ್ಲಿ, ವಿದೇಶದಲ್ಲಿ ಇರುವವರ ಇಮೇಲ್ ವಿಳಾಸ ಮೊದಲೇ ಸರಿಮಾಡಿಕೊಳ್ಳಿ. ವಾಟ್ಸಾಪ್ ಗುಂಪಿನಲ್ಲಿ ಹಾಕುವುದು ನೆನಪಿಸಲು ಚೆನ್ನ. ಆದರೆ ಬೈಲಾ ಹೇಳಿದ ದಾರಿಯಲ್ಲೂ ಕಳಿಸಿ, ಕಳಿಸಿದ ದಾಖಲೆ ಇಟ್ಟುಕೊಳ್ಳಿ. ಇಮೇಲ್‌ನ ಒಂದು ಪ್ರಿಂಟ್, ನೋಟಿಸ್ ಬೋರ್ಡಿನ ದಿನಾಂಕ ಕಾಣುವ ಒಂದು ಫೋಟೋ ಸಾಕು.

ಸಭೆಯ ದಿನ: ಬರೆಯುವವರು ಬರೆಯಲಿ

ಮಿನಿಟ್ಸ್ ಬರೆಯುವವರು ವಾದಕ್ಕೆ ಇಳಿಯಬಾರದು. ಸೆಕ್ರೆಟರಿಯೇ ಪ್ರಶ್ನೆಗಳಿಗೆ ಉತ್ತರ ಕೊಡುತ್ತಾ, ಅವರೇ ಬರೆಯುತ್ತಾ ಇದ್ದರೆ ಎರಡೂ ಕೆಡುತ್ತವೆ. ಆವತ್ತಿನ ಮಟ್ಟಿಗೆ ಬೇರೆ ಸದಸ್ಯರೊಬ್ಬರನ್ನು ಕೂರಿಸಿ. ಅವರ ಮುಂದೆ ಅಜೆಂಡಾದ ಪ್ರಿಂಟ್ ಇರಲಿ, ಪ್ರತಿ ಕರಡು ಗೊತ್ತುವಳಿಯ ಕೆಳಗೆ ಅರ್ಧ ಪುಟ ಖಾಲಿ ಜಾಗ ಬಿಟ್ಟಿರಲಿ. ಆಗ ಅವರು ಹೊಸದಾಗಿ ಬರೆಯುವುದು ಬದಲಾವಣೆ ಮತ್ತು ಮತ ಎರಡನ್ನೇ.

ಹಾಜರಿ ಪುಸ್ತಕದಲ್ಲಿ ಫ್ಲಾಟ್ ನಂಬರ್ ಮೊದಲೇ ಅಚ್ಚಾಗಿರಲಿ, ಅದರ ಎದುರು ಸಹಿ. ಗಂಡ ಹೆಂಡತಿ ಇಬ್ಬರೂ ಬಂದರೆ ಸಹಿ ಎರಡಿರಬಹುದು, ಆದರೆ ಫ್ಲಾಟ್ ಒಂದೇ. ಪ್ರಾಕ್ಸಿ ಪತ್ರಗಳನ್ನು ಸಭೆ ಶುರುವಾಗುವ ಮೊದಲೇ ತೆಗೆದುಕೊಂಡು, ಬೈಲಾ ಒಪ್ಪುತ್ತದಾ ನೋಡಿ, ಸಂಖ್ಯೆ ಹಾಕಿ ಇಟ್ಟುಕೊಳ್ಳಿ. ಮತ ಹಾಕಬಹುದಾದ ಫ್ಲಾಟಿನವರಿಗೆ ನಂಬರ್ ಬರೆದ ಒಂದು ಚೀಟಿ ಕೊಟ್ಟರೆ, ಕೈ ಎತ್ತುವಾಗ ಚೀಟಿ ಎತ್ತುತ್ತಾರೆ. ಎಣಿಕೆ ತಪ್ಪುವುದಿಲ್ಲ, ಬಾಡಿಗೆಗೆ ಇರುವವರ ಕೈಯೂ ಲೆಕ್ಕಕ್ಕೆ ಬರುವುದಿಲ್ಲ.

ಈಗ ವಿಷಯ 5. ಬಂದವರು 26 ಫ್ಲಾಟ್, ಪ್ರಾಕ್ಸಿ 5, ಒಟ್ಟು 31. ಕರಡನ್ನು ಓದಿ ಆಯಿತು. ಸಣ್ಣ ಫ್ಲಾಟಿನವರೊಬ್ಬರು "ಒಂದೇ ಸಲ 24,000 ಕಷ್ಟ, ಎರಡು ಕಂತು ಮಾಡಿ" ಅನ್ನುತ್ತಾರೆ. ದೊಡ್ಡ ಫ್ಲಾಟಿನವರೊಬ್ಬರು "ಗೋಡೆ ಎಲ್ಲರದ್ದೂ, ಎಲ್ಲರೂ ಸಮ ಹಾಕಲಿ" ಅನ್ನುತ್ತಾರೆ. ಮೂರನೆಯವರು "ಮುಂದಿನ ತಿಂಗಳು ಫ್ಲಾಟ್ ಮಾರ್ತಾ ಇದ್ದೀನಿ, ನಾನ್ಯಾಕೆ ಕೊಡ್ಬೇಕು" ಅಂತ ಕೇಳುತ್ತಾರೆ.

ಅಧ್ಯಕ್ಷರು ಒಂದೊಂದನ್ನೇ ತಿದ್ದುಪಡಿ ಅಂತ ಬೇರೆಯಾಗಿ ತೆಗೆದುಕೊಳ್ಳಬೇಕು. ಎಲ್ಲವನ್ನೂ ಕಲೆಸಿ ಕೊನೆಗೆ "ಸರಿ, ಒಪ್ಪಿಗೆ ತಾನೆ?" ಅಂದರೆ ಯಾರು ಯಾವುದಕ್ಕೆ ಒಪ್ಪಿದರು ಅನ್ನುವುದೇ ತಿಳಿಯುವುದಿಲ್ಲ. ಎರಡು ಕಂತಿನ ತಿದ್ದುಪಡಿಗೆ ಯಾರ ವಿರೋಧವೂ ಬರಲಿಲ್ಲ, ಕರಡಿಗೆ ಸೇರಿತು. ಸಮ ಹಂಚಿಕೆಯ ಸಲಹೆ ಡಿಕ್ಲರೇಶನ್‌ಗೆ ವಿರುದ್ಧವಾದ್ದರಿಂದ ಮತಕ್ಕೆ ಹಾಕಲಾಗುವುದಿಲ್ಲ ಅಂತ ಅಧ್ಯಕ್ಷರು ಆ ಪುಟವನ್ನು ಓದಿ ಹೇಳಿದರು. ಮಾರಾಟದ ಪ್ರಶ್ನೆಗೆ ಕರಡಿನಲ್ಲಿ ಉತ್ತರವೇ ಇರಲಿಲ್ಲ. ಅದಕ್ಕೊಂದು ವಾಕ್ಯ ಸೇರಿಸಲು ಸಭೆ ಒಪ್ಪಿತು.

ಇದಾದ ಮೇಲೆ ಮತಕ್ಕೆ ಮುಂಚೆ ಬರೆಯುವವರು ಎದ್ದು ನಿಂತು ತಿದ್ದಿದ ಪೂರ್ತಿ ಗೊತ್ತುವಳಿಯನ್ನು ಗಟ್ಟಿಯಾಗಿ ಓದಬೇಕು. ಇದನ್ನು ಎಂದೂ ಬಿಡಬೇಡಿ. ಓದುವಾಗಲೇ ಯಾರೋ "ಎರಡನೇ ಕಂತು ಯಾವಾಗ ಅಂತ ಹೇಳಲಿಲ್ಲ" ಅನ್ನುತ್ತಾರೆ, ಖಾಲಿ ಬಿಟ್ಟ ದಿನಾಂಕ ಅಲ್ಲೇ ತುಂಬುತ್ತದೆ. ಆಮೇಲೆ ಪರ, ವಿರೋಧ, ತಟಸ್ಥ ಮೂರನ್ನೂ ಎಣಿಸಿ. ಮೂರರ ಮೊತ್ತ ಆ ಹೊತ್ತಿಗೆ ಕೂತಿರುವ ಫ್ಲಾಟ್‌ಗಳ ಸಂಖ್ಯೆಗೆ ಸರಿ ಬರಬೇಕು. ಬರದಿದ್ದರೆ ಇನ್ನೊಮ್ಮೆ ಎಣಿಸಿ.

ಮಿನಿಟ್ಸ್ ಬರೆಯುವುದು

ಅದೇ ದಿನ ಸಂಜೆ ಕೂತು ಬರೆಯಿರಿ. ಮೂರು ದಿನ ಬಿಟ್ಟರೆ ಮನಸ್ಸು ತಾನೇ ತಾನಾಗಿ ಖಾಲಿ ಜಾಗ ತುಂಬಿಕೊಳ್ಳಲು ಶುರು ಮಾಡುತ್ತದೆ.

ತಲೆಯ ಭಾಗದಲ್ಲಿ ಸಂಘದ ಹೆಸರು, ಯಾವ ಸಭೆ, ದಿನಾಂಕ, ಜಾಗ, ಶುರುವಾದ ಸಮಯ, ನೋಟಿಸ್ ಹೋದ ದಿನ, ಬಂದ ಫ್ಲಾಟ್, ಪ್ರಾಕ್ಸಿ, ಕೋರಂ ಎಷ್ಟು ಬೇಕಿತ್ತು, ಎಷ್ಟಿತ್ತು. ಅದರ ಕೆಳಗೆ ವಿಷಯಗಳು, ಅಜೆಂಡಾದ ಅದೇ ಸಂಖ್ಯೆಯಲ್ಲಿ. ಮೂರನೇ ವಿಷಯವನ್ನು ಸಭೆಯಲ್ಲಿ ಐದನೆಯದರ ನಂತರ ತೆಗೆದುಕೊಂಡಿದ್ದರೂ ಸಂಖ್ಯೆ ಬದಲಿಸಬೇಡಿ. ಅಜೆಂಡಾ ಮತ್ತು ಮಿನಿಟ್ಸ್ ಪಕ್ಕಪಕ್ಕ ಇಟ್ಟು ಓದಲು ಬರಬೇಕು.

ವಿಷಯ 5 ಹೀಗೆ ಬರುತ್ತದೆ:

> ವಿಷಯ 5: ಹೊರಗೋಡೆ ದುರಸ್ತಿ ಮತ್ತು ಪೇಂಟಿಂಗ್
>
> ಸಮಿತಿಯ ಟಿಪ್ಪಣಿ ಮತ್ತು ಮೂರು ಕೊಟೇಶನ್‌ಗಳನ್ನು (ಅನುಬಂಧ 3) ಸೆಕ್ರೆಟರಿ ವಿವರಿಸಿದರು. ಪಾವತಿಯ ಕಂತು, ಹಂಚಿಕೆಯ ಲೆಕ್ಕ ಮತ್ತು ಫ್ಲಾಟ್ ಮಾರಾಟದ ಸಂದರ್ಭದ ಬಗ್ಗೆ ಚರ್ಚೆಯಾಯಿತು.
>
> ವೆಚ್ಚವನ್ನು ಎಲ್ಲ ಫ್ಲಾಟಿಗೂ ಸಮನಾಗಿ ಹಂಚಬೇಕು ಎಂಬ ಸಲಹೆ ಬಂತು. ಡಿಕ್ಲರೇಶನ್‌ನಲ್ಲಿರುವ ಅವಿಭಜಿತ ಪಾಲಿನ ಹಂಚಿಕೆಗೆ ಇದು ವಿರುದ್ಧವಾದ್ದರಿಂದ ಅಧ್ಯಕ್ಷರು ಮತಕ್ಕೆ ಹಾಕಲಿಲ್ಲ.
>
> ಗೊತ್ತುವಳಿ 5/2025: ಅಜೆಂಡಾದ ಕರಡನ್ನು ಈ ಎರಡು ಬದಲಾವಣೆಗಳೊಂದಿಗೆ ಅಂಗೀಕರಿಸಲಾಯಿತು. (1) ಚದರಡಿಗೆ ರೂ. 20ರ ವಂತಿಗೆಯನ್ನು ಎರಡು ಸಮ ಕಂತಿನಲ್ಲಿ ಕೊಡುವುದು. 1,200 ಚದರಡಿಯ ಫ್ಲಾಟಿಗೆ ಕಂತಿಗೆ ರೂ. 12,000, 1,400 ಚದರಡಿಯ ಫ್ಲಾಟಿಗೆ ಕಂತಿಗೆ ರೂ. 14,000. ಮೊದಲ ಕಂತು 2025ರ ಆಗಸ್ಟ್ 31ರೊಳಗೆ, ಎರಡನೆಯದು 2025ರ ಅಕ್ಟೋಬರ್ 31ರೊಳಗೆ. (2) ಕಂತು ಬಾಕಿ ಇರುವಾಗ ಫ್ಲಾಟ್ ಮಾರುವ ಮಾಲೀಕರು ಸಂಘದಿಂದ ಬಾಕಿ ಇಲ್ಲದ ಪತ್ರ ಪಡೆಯುವ ಮೊದಲು ಎರಡೂ ಕಂತು ತೀರಿಸಬೇಕು. ಪೂರ್ಣ ಪಠ್ಯ ಅನುಬಂಧ 4ರಲ್ಲಿದೆ.
>
> ಸೂಚಕರು: ಎ-302. ಅನುಮೋದಕರು: ಬಿ-105.
> ಪರ 24, ವಿರೋಧ 5, ತಟಸ್ಥ 2. ಒಟ್ಟು 31. ಬಹುಮತದಿಂದ ಅಂಗೀಕಾರ.
> ಬಿ-204ರ ಮಾಲೀಕರು ತಮ್ಮ ವಿರೋಧವನ್ನು ದಾಖಲಿಸಲು ಕೇಳಿದರು, ದಾಖಲಿಸಲಾಗಿದೆ.
> ಜವಾಬ್ದಾರಿ: ಕಾಂಟ್ರಾಕ್ಟ್ ಸೆಕ್ರೆಟರಿ, ವಸೂಲಿ ಟ್ರೆಷರರ್.

ಗೊತ್ತುವಳಿಗೆ ಸಂಖ್ಯೆ ಕೊಟ್ಟಿರುವುದನ್ನು ಗಮನಿಸಿ. ನಾಳೆ ವಸೂಲಿ ನೋಟಿಸ್ ಕಳಿಸುವಾಗ "ಗೊತ್ತುವಳಿ 5/2025ರ ಪ್ರಕಾರ" ಅಂದರೆ ಸಾಕು. ತಿದ್ದಿದ ಗೊತ್ತುವಳಿಯ ಪೂರ್ಣ ಪಠ್ಯವನ್ನು ಒಂದೇ ಕಡೆ ಅನುಬಂಧವಾಗಿ ಇಡುವುದೂ ಮುಖ್ಯ. ಹಳೆಯ ಕರಡು ಒಂದು ಕಡೆ, ಬದಲಾವಣೆ ಇನ್ನೊಂದು ಕಡೆ ಇದ್ದರೆ ಓದುವವರು ತಾವೇ ಜೋಡಿಸಿಕೊಳ್ಳಬೇಕಾಗುತ್ತದೆ, ಒಬ್ಬೊಬ್ಬರು ಒಂದೊಂದು ರೀತಿ ಜೋಡಿಸುತ್ತಾರೆ.

ಯಾರು ಏನು ಹೇಳಿದರು ಅಂತ ಸಾಲುಸಾಲಾಗಿ ಬರೆಯಬೇಡಿ. ಚರ್ಚೆಗೆ ಎರಡು ಮೂರು ವಾಕ್ಯ ಸಾಕು, ತೀರ್ಮಾನದ ಕಾರಣ ತಿಳಿಯುವಷ್ಟು. ಹೆಸರು ಹಾಕಿ ಮಾತು ಬರೆದರೆ ಜನ ತಮ್ಮ ಮಾತನ್ನು ತಿದ್ದಿಸಲು ಬರುತ್ತಾರೆ, ಗಮನವೆಲ್ಲ ಅದರ ಮೇಲೇ ಹೋಗುತ್ತದೆ. ವಿರೋಧ ದಾಖಲಿಸಿ ಅಂತ ಕೇಳಿದವರದ್ದು ಮಾತ್ರ ಬೇರೆ. ಅದನ್ನು ಬರೆಯಲೇಬೇಕು.

ಕೆಲವು ಮಾತುಗಳನ್ನು ನಾನು ಮಿನಿಟ್ಸ್‌ಗೆ ಸೇರಿಸುವುದೇ ಇಲ್ಲ. "ಕ್ರಮ ಕೈಗೊಳ್ಳಲಾಗುವುದು" ಅಂದರೆ ಯಾರು ಅಂತ ತಿಳಿಯುವುದಿಲ್ಲ. "ಆದಷ್ಟು ಬೇಗ" ಅಂದರೆ ಯಾವಾಗ ಅಂತ ತಿಳಿಯುವುದಿಲ್ಲ. "ಸೂಕ್ತ ಮೊತ್ತ" ಎಷ್ಟು ಅಂತ ಹೇಳುವುದಿಲ್ಲ. "ಪರಿಶೀಲಿಸಲು ತೀರ್ಮಾನಿಸಲಾಯಿತು" ಅಂತ ಬರೆಯುವ ಹಾಗಿದ್ದರೆ ತೀರ್ಮಾನ ಆಗಿಲ್ಲ ಅಂತ ಅರ್ಥ. ಅದನ್ನೇ ನೇರವಾಗಿ ಬರೆಯಿರಿ: "ತೀರ್ಮಾನ ಆಗಲಿಲ್ಲ. ಟ್ರೆಷರರ್ ಆಗಸ್ಟ್ 15ರೊಳಗೆ ಲೆಕ್ಕ ಕೊಡುತ್ತಾರೆ, ಮುಂದಿನ ಸಭೆಗೆ ಬರುತ್ತದೆ." ಹಾಗೆಯೇ ಯಾರಾದರೂ ವಿರೋಧಿಸಿದ್ದರೆ "ಸರ್ವಾನುಮತದಿಂದ" ಅಂತ ಬರೆಯಬೇಡಿ. 24-5 ಅಂದರೆ ಬಹುಮತ. ಅದರಲ್ಲಿ ಸಂಕೋಚ ಪಡುವುದೇನೂ ಇಲ್ಲ.

ಹಂಚುವುದು, ತಿದ್ದುವುದು, ಸಹಿ

ಕರಡು ಮಿನಿಟ್ಸ್ ಒಂದು ವಾರದೊಳಗೆ ಎಲ್ಲ ಮಾಲೀಕರಿಗೂ ಹೋಗಲಿ, ಸಭೆಗೆ ಬಾರದವರಿಗೂ. ತಿದ್ದುಪಡಿಗೆ ಹತ್ತು ದಿನ ಕೊಡಿ. ಇಲ್ಲಿ ಒಂದು ಗೆರೆ ಎಳೆಯಬೇಕು: ನಡೆದದ್ದನ್ನು ತಪ್ಪಾಗಿ ಬರೆದಿದ್ದರೆ ತಿದ್ದಬಹುದು, ನಡೆದದ್ದು ಇಷ್ಟವಾಗಲಿಲ್ಲ ಅಂತ ತಿದ್ದುವ ಹಾಗಿಲ್ಲ. "ವಿರೋಧ 5 ಅಲ್ಲ, 6 ಇತ್ತು" ಅನ್ನುವುದು ತಿದ್ದುಪಡಿ, ಬರೆಯುವವರ ಎಣಿಕೆ ಹಾಳೆ ತೆಗೆದು ನೋಡಬೇಕು. "ಮೂರು ಕಂತು ಮಾಡಿದ್ರೆ ಚೆನ್ನಾಗಿತ್ತು" ಅನ್ನುವುದು ಹೊಸ ವಿಷಯ, ಮುಂದಿನ ಸಭೆಗೆ ಬರಬೇಕು.

ಸಭೆಯ ಮರುದಿನ ವಾಟ್ಸಾಪ್‌ನಲ್ಲಿ ಪೋಲ್ ಹಾಕಿ "ಜಾಸ್ತಿ ಜನ ಮೂರು ಕಂತು ಅಂತಿದಾರೆ" ಅಂತ ಬದಲಿಸುವುದು ಈಗ ಸುಮಾರು ಕಡೆ ನಡೆಯುತ್ತಿದೆ. ಆ ಪೋಲ್‌ನಲ್ಲಿ ಯಾರು ಮಾಲೀಕರು, ಯಾರು ಬಾಡಿಗೆದಾರರು, ಒಂದು ಮನೆಯಿಂದ ಎಷ್ಟು ಮತ ಅಂತ ಯಾರಿಗೂ ಗೊತ್ತಿರುವುದಿಲ್ಲ. ಮಹಾಸಭೆಯ ತೀರ್ಮಾನವನ್ನು ಬದಲಿಸಲು ಮಹಾಸಭೆಯೇ ಬೇಕು, ಅದಕ್ಕೂ ನೋಟಿಸ್, ಅದಕ್ಕೂ ಅಜೆಂಡಾ. ಬದಲಾದ ದಿನ ಹೊಸ ಗೊತ್ತುವಳಿಯಲ್ಲಿ "ಗೊತ್ತುವಳಿ 5/2025ರ ಬದಲಿಗೆ" ಅಂತ ಬರೆದು, ಹಳೆಯ ಪುಟದ ಅಂಚಿನಲ್ಲಿ ಹೊಸದರ ಸಂಖ್ಯೆ ಗುರುತು ಹಾಕಿ.

ಹತ್ತು ದಿನವಾದ ಮೇಲೆ ಅಧ್ಯಕ್ಷರು ಮತ್ತು ಸೆಕ್ರೆಟರಿ ಪ್ರತಿ ಪುಟಕ್ಕೂ ಸಹಿ ಮಾಡಲಿ. ಮಿನಿಟ್ಸ್ ಪುಸ್ತಕದ ಪುಟಗಳಿಗೆ ಮೊದಲೇ ಸಂಖ್ಯೆ ಹಾಕಿರಬೇಕು, ಮಧ್ಯೆ ಖಾಲಿ ಜಾಗ ಉಳಿದರೆ ಗೆರೆ ಹೊಡೆಯಬೇಕು. ಪ್ರಿಂಟ್ ಅಂಟಿಸುವವರು ಸಹಿಯನ್ನು ಅರ್ಧ ಪ್ರಿಂಟ್ ಮೇಲೆ, ಅರ್ಧ ಪುಸ್ತಕದ ಪುಟದ ಮೇಲೆ ಬರುವ ಹಾಗೆ ಮಾಡಿದರೆ ಆಮೇಲೆ ಹಾಳೆ ಬದಲಿಸಲು ಆಗುವುದಿಲ್ಲ. ವಿಧಿಪ್ರಕಾರದ ದೃಢೀಕರಣ ಮುಂದಿನ ಮಹಾಸಭೆಯಲ್ಲಿ ಆಗುತ್ತದೆ. ಒಂದು ವರ್ಷ ಕಾದು ಕೂರದೆ ಕೆಲಸ ನಡೆಯಲಿ ಅಂತಲೇ ಈ ಮೊದಲ ಸುತ್ತು.

ಮಿನಿಟ್ಸ್ ಹೊರಗಡೆಗೂ ಹೋಗುತ್ತದೆ. ಹೊಸ ಪದಾಧಿಕಾರಿಗಳ ಸಹಿ ಬದಲಿಸಲು ಬ್ಯಾಂಕಿನವರು ಗೊತ್ತುವಳಿಯ ದೃಢೀಕೃತ ಪ್ರತಿ ಕೇಳುತ್ತಾರೆ. ಅದಕ್ಕೆ ಪೂರ್ತಿ ಮಿನಿಟ್ಸ್ ಕೊಡಬೇಕಿಲ್ಲ, ಆ ಒಂದು ಗೊತ್ತುವಳಿಯನ್ನಷ್ಟೇ ಲೆಟರ್‌ಹೆಡ್ ಮೇಲೆ ತೆಗೆದು ಸಹಿ ಮಾಡಿ ಕೊಟ್ಟರಾಯಿತು. ಹಾಗಾಗಿ ಯಾರು, ಯಾವ ಹುದ್ದೆ, ಯಾವ ಖಾತೆ, ಒಬ್ಬರ ಸಹಿ ಸಾಕೋ ಇಬ್ಬರದೂ ಬೇಕೋ ಎಲ್ಲ ಆ ಒಂದೇ ಗೊತ್ತುವಳಿಯಲ್ಲಿ ಇರಲಿ. 1960ರ ಕಾಯ್ದೆಯ ಸಂಘವಾದರೆ ವಾರ್ಷಿಕ ಸಭೆಯಾದ 14 ದಿನದೊಳಗೆ ಆಡಳಿತ ಮಂಡಳಿಯ ಪಟ್ಟಿ ರಿಜಿಸ್ಟ್ರಾರ್ ಕಚೇರಿಗೆ ಹೋಗಬೇಕು. ಅದನ್ನೂ ಜವಾಬ್ದಾರಿಯ ಸಾಲಲ್ಲಿ ಹೆಸರು ಹಾಕಿ ಬರೆಯಿರಿ, ಬಿಟ್ಟುಹೋಗುವುದು ಇದೇ ಜಾಸ್ತಿ.

ತೀರ್ಮಾನಗಳ ಪಟ್ಟಿ

ಕೊನೆಯ ಕೆಲಸ ಸಣ್ಣದು. ಮಿನಿಟ್ಸ್ ಪುಸ್ತಕದ ಹೊರತಾಗಿ ಒಂದೇ ಒಂದು ಎಕ್ಸೆಲ್ ಹಾಳೆ ಇಡಿ. ಗೊತ್ತುವಳಿ ಸಂಖ್ಯೆ, ಒಂದು ಸಾಲಿನ ಸಾರ, ಯಾರು, ಯಾವಾಗ, ಈಗ ಎಲ್ಲಿದೆ. ಗೊತ್ತುವಳಿ 5/2025ಕ್ಕೆ ಅಲ್ಲಿ ನಾಲ್ಕು ಸಾಲು ಬರುತ್ತವೆ: ಮೊದಲ ಕಂತು, ಎರಡನೇ ಕಂತು, ಕೆಲಸ ಶುರು, ಕೆಲಸ ಮುಕ್ತಾಯ. ಪ್ರತಿ ತಿಂಗಳ ಸಮಿತಿ ಸಭೆಯಲ್ಲಿ ಮೊದಲು ಇದೇ ಹಾಳೆ ತೆರೆಯಲಿ. ಸೆಪ್ಟೆಂಬರ್‌ನಲ್ಲಿ ತೆರೆದಾಗ ಮೊದಲ ಕಂತು 48ರಲ್ಲಿ 39 ಫ್ಲಾಟಿನಿಂದ ಬಂದಿದೆ ಅಂತ ಕಂಡರೆ ಉಳಿದ ಒಂಬತ್ತು ಮನೆಗೆ ಅವತ್ತೇ ಪತ್ರ ಹೋಗುತ್ತದೆ. ಮುಂದಿನ ವರ್ಷದ ಮಹಾಸಭೆಯಲ್ಲಿ "ಹಿಂದಿನ ತೀರ್ಮಾನಗಳ ವರದಿ" ಅನ್ನುವ ವಿಷಯಕ್ಕೆ ಬೇರೆ ಏನೂ ತಯಾರಿ ಬೇಕಿಲ್ಲ, ಈ ಹಾಳೆಯ ಪ್ರಿಂಟ್ ತೆಗೆದು ನೋಟಿಸ್ ಜೊತೆ ಕಳಿಸಿ. ಸಮಿತಿ ಬದಲಾದರೆ ಹೊಸ ಸೆಕ್ರೆಟರಿಗೆ ಬೀಗದ ಕೈ, ಚೆಕ್ ಪುಸ್ತಕದ ಜೊತೆ ಈ ಹಾಳೆಯನ್ನೂ, ಮಿನಿಟ್ಸ್ ಪುಸ್ತಕವನ್ನೂ ಸಹಿ ಹಾಕಿಸಿಕೊಂಡು ಕೊಡಿ.